ವರ್ಕ್‌ಶೀಟೋ, ಟೆಂಪ್ಲೇಟೋ, ಅಡುಗೆ ಪುಸ್ತಿಕೆಯೋ: ಮಾರಲು ಮೊದಲು ಯಾವುದನ್ನು ಮಾಡುವುದು?

ಶಿಕ್ಷಕರಿಗೆ, ಹೆತ್ತವರಿಗೆ ಬೇಕಾಗುವ ಸಣ್ಣಪುಟ್ಟ ಕಡತಗಳನ್ನು ಮಾಡಿ ಆನ್‌ಲೈನ್‌ನಲ್ಲಿ ಮಾರಲು ಹೊರಟವರು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಈ ಮೂರರ ನಡುವೆ. ಮಕ್ಕಳು ಬರೆದು ತುಂಬುವ ವರ್ಕ್‌ಶೀಟ್ ಒಂದು. ಶಿಕ್ಷಕರು ತಮ್ಮ ವಿವರ ಹಾಕಿಕೊಂಡು ಬಳಸುವ ಟೆಂಪ್ಲೇಟ್ ಇನ್ನೊಂದು. ಮಕ್ಕಳ ಜೊತೆ ಸೇರಿ ಮಾಡಬಹುದಾದ ಅಡುಗೆಗಳ ಪುಸ್ತಿಕೆ ಮೂರನೆಯದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ: ಒಂದು ಸಲ ಮಾಡಿಟ್ಟರೆ ಎಷ್ಟು ಸಲ ಬೇಕಾದರೂ ಮಾರಬಹುದು. ಮಾಡಲು ಕೂತಾಗ ಗೊತ್ತಾಗುತ್ತದೆ, ಮೂರರ ಕಷ್ಟ ಮೂರು ಕಡೆ ಇದೆ ಎಂದು. ವರ್ಕ್‌ಶೀಟಿನ ಕಷ್ಟವೆಲ್ಲ ಮಾರುವ ಮುಂಚೆಯೇ ಮುಗಿಯುತ್ತದೆ. ಟೆಂಪ್ಲೇಟಿನ ಅರ್ಧ ಕೆಲಸ ಮಾರಿದ ಮೇಲೆ ಶುರುವಾಗುತ್ತದೆ. ಪುಸ್ತಿಕೆಯ ಕೆಲಸ ಇರುವುದು ಕಂಪ್ಯೂಟರಿನ ಮುಂದಲ್ಲ, ಒಲೆಯ ಮುಂದೆ.

ಹಾಗಾಗಿ "ಯಾವುದು ಹೆಚ್ಚು ಮಾರಾಟವಾಗುತ್ತದೆ" ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಅದಕ್ಕಿಂತ ಈ ನಾಲ್ಕು ವಿಷಯ ನೋಡಿಕೊಳ್ಳುವುದು ಮೇಲು.

ಮೊದಲು ಅಳತೆಗೋಲು

ಮೊದಲನೆಯದು, ತಯಾರಿಯ ಹೊತ್ತು ಎಲ್ಲಿ ಖರ್ಚಾಗುತ್ತದೆ ಎಂಬುದು. ದಿನಕ್ಕೆ ಅರ್ಧ ಗಂಟೆ ಬಿಡುವು ಇರುವವರಿಗೂ ವಾರಾಂತ್ಯದಲ್ಲಿ ಇಡೀ ದಿನ ಇರುವವರಿಗೂ ಒಂದೇ ಕೆಲಸ ಹೊಂದುವುದಿಲ್ಲ. ಎರಡನೆಯದು, ಮಾರಿದ ಮೇಲೆ ಕೊಂಡವರಿಂದ ಎಷ್ಟು ಪತ್ರ ಬರುತ್ತವೆ ಎಂಬುದು. "ತೆರೆಯುತ್ತಿಲ್ಲ", "ಅಕ್ಷರ ಬೇರೆ ಥರ ಕಾಣುತ್ತಿದೆ" ಎಂಬಂಥ ಪತ್ರ ಒಂದೊಂದಕ್ಕೂ ಹತ್ತು ನಿಮಿಷ ಹೋದರೆ ಸಣ್ಣ ಬೆಲೆಯ ವಸ್ತುವಿನ ಲಾಭ ಅಲ್ಲಿಗೇ ಮುಗಿಯಿತು. ಮೂರನೆಯದು, ತಪ್ಪು ಉಳಿದರೆ ಯಾರಿಗೆ ಎಷ್ಟು ನಷ್ಟ ಎಂಬುದು. ನಾಲ್ಕನೆಯದು, ಮಾರಾಟ ತಾಣದ ಪಾಲು ಹೋಗಿ ಕೈಗೆ ಉಳಿಯುವ ಹಣ.

ಕೊಳ್ಳುವವರು ಎರಡು ಬಗೆ ಎಂಬುದೂ ನೆನಪಿರಲಿ. ಶಿಕ್ಷಕರ ಮುಂದೆ ಮೂವತ್ತು ಮಕ್ಕಳಿದ್ದಾರೆ, ಕೈಯಲ್ಲಿ ಕಪ್ಪುಬಿಳುಪು ಜೆರಾಕ್ಸ್ ಯಂತ್ರ ಇದೆ, ನಾಳೆಯ ಪಾಠಕ್ಕೆ ಇವತ್ತೇ ಬೇಕು. ಹೆತ್ತವರಿಗೆ ಒಂದೋ ಎರಡೋ ಮಕ್ಕಳು. ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇರಬಹುದು, ಇಲ್ಲದೆಯೂ ಇರಬಹುದು. ಬಹಳ ಮಂದಿ ಕಡತವನ್ನು ಮೊದಲು ತೆರೆಯುವುದು ಫೋನಿನಲ್ಲಿ. ಒಂದೇ ಹಾಳೆ ಇಬ್ಬರಿಗೂ ಆಗುತ್ತದೆ ಎಂದು ಮಾಡಿದರೆ ಸಾಮಾನ್ಯವಾಗಿ ಇಬ್ಬರಿಗೂ ಅರೆಬರೆ ಆಗುತ್ತದೆ.

ವರ್ಕ್‌ಶೀಟ್

ತಾಂತ್ರಿಕವಾಗಿ ಇದು ಮೂರರಲ್ಲಿ ಸುಲಭ. ಪಿಡಿಎಫ್ ಮಾಡಿದರೆ ಅಕ್ಷರವೂ ಚಿತ್ರವೂ ಇದ್ದಲ್ಲೇ ಇರುತ್ತವೆ, ಕೊಂಡವರು ತೆರೆದು ಮುದ್ರಿಸುತ್ತಾರೆ, ಪತ್ರ ಬರುವುದು ಕಡಿಮೆ. ಆದರೆ ಮಾಡುವುದು ಸುಲಭ ಎನ್ನುವ ಕಾರಣಕ್ಕೇ ಸ್ಪರ್ಧೆಯೂ ಹೆಚ್ಚು. ಅಂದ ಇಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಶಿಕ್ಷಕರು ಎರಡನೆಯ ಸಲ ನಿಮ್ಮ ಹತ್ತಿರವೇ ಬರುವುದು ಲೆಕ್ಕಗಳ ಆಯ್ಕೆ ಚೆನ್ನಾಗಿದ್ದರೆ ಮಾತ್ರ.

ಒಂದನ್ನು ಬಿಡಿಸಿ ನೋಡೋಣ. ಎರಡಂಕಿಯ ಸಂಖ್ಯೆಯಿಂದ ಎರಡಂಕಿಯ ಸಂಖ್ಯೆ ಕಳೆಯುವ, ದಶಕದಿಂದ ಎರವಲು ಪಡೆಯಬೇಕಾದ ಹತ್ತು ಲೆಕ್ಕಗಳ ಒಂದು ಹಾಳೆ. ತಲೆಗೆ ತೋಚಿದ ಸಂಖ್ಯೆಗಳನ್ನು ಹಾಕಿದರೆ ಏನಾಗುತ್ತದೆ? 10ರಿಂದ 99ರವರೆಗಿನ ಸಂಖ್ಯೆಗಳಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಜೋಡಿಗಳು ಒಟ್ಟು 4005. ಅವುಗಳಲ್ಲಿ ಎರವಲು ಬೇಕಾದವು 1620, ಅಂದರೆ ನೂರಕ್ಕೆ ಸುಮಾರು 40. ಆದ್ದರಿಂದ "ಎರವಲು ಕಳೆಯುವಿಕೆ" ಎಂದು ಹೆಸರಿಟ್ಟ ಹಾಳೆಯಲ್ಲಿ ಹತ್ತಕ್ಕೆ ಆರು ಲೆಕ್ಕ ಎರವಲೇ ಇಲ್ಲದವು ಬಂದುಬಿಡಬಹುದು. ಮಗು ಹಾಳೆ ತುಂಬಿಸುತ್ತದೆ, ಕಲಿಯಬೇಕಾದ್ದನ್ನು ನಾಲ್ಕೇ ಸಲ ಮಾಡಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದು ತಿಳಿದವರ ಹಾಳೆಯನ್ನೂ ತಿಳಿಯದವರ ಹಾಳೆಯನ್ನೂ ಬೇರ್ಪಡಿಸುತ್ತದೆ. ಈ ಪಾಠದಲ್ಲಿ ಮಕ್ಕಳು ಮುಖ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಕೆಲವರು ಎರವಲೇ ಪಡೆಯದೆ, ಬಿಡಿ ಸ್ಥಾನದಲ್ಲಿ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಾರೆ. ಕೆಲವರು ಎರವಲು ಪಡೆಯುತ್ತಾರೆ, ದಶಕದಲ್ಲಿ ಒಂದು ಕಮ್ಮಿ ಮಾಡುವುದನ್ನು ಮರೆಯುತ್ತಾರೆ. 53 − 27 ಕೊಟ್ಟರೆ ಸರಿಯುತ್ತರ 26. ಮೊದಲ ತಪ್ಪಿಗೆ 34 ಬರುತ್ತದೆ, ಎರಡನೆಯದಕ್ಕೆ 36. ಉತ್ತರ ನೋಡಿದ ಕೂಡಲೇ ಮಗು ಎಲ್ಲಿ ಎಡವಿದೆ ಎಂದು ಶಿಕ್ಷಕರಿಗೆ ತಿಳಿಯುತ್ತದೆ. ಅದೇ 52 − 27 ಕೊಟ್ಟರೆ ಎರಡು ತಪ್ಪಿಗೂ 35 ಬರುತ್ತದೆ, ಏನೂ ತಿಳಿಯುವುದಿಲ್ಲ. ಬಿಡಿ ಅಂಕಿಗಳ ವ್ಯತ್ಯಾಸ ಸರಿಯಾಗಿ 5 ಇದ್ದಾಗಲೆಲ್ಲ ಹೀಗೇ. ಅಂಥ ಲೆಕ್ಕಗಳನ್ನು ತೆಗೆದುಹಾಕಿ.

ಇದನ್ನು ಕೈಯಲ್ಲಿ ಆರಿಸಬೇಕಿಲ್ಲ. ಸ್ಪ್ರೆಡ್‌ಶೀಟಿನ ಎ ಮತ್ತು ಬಿ ಕಾಲಂಗಳಲ್ಲಿ, ಎರಡನೆಯ ಸಾಲಿನಿಂದ ಶುರುಮಾಡಿ ನೂರು ಸಾಲಿಗೆ `=RANDBETWEEN(10,99)` ಹಾಕಿ, ಮೂರನೆಯ ಕಾಲಂನಲ್ಲಿ ಈ ಸೂತ್ರ ಇಡಿ:

```
=AND(MOD(A2,10)<MOD(B2,10), INT(A2/10)>INT(B2/10), MOD(B2,10)-MOD(A2,10)<>5)
```

`TRUE` ಎಂದು ಬಂದ ಸಾಲುಗಳೇ ನಿಮಗೆ ಬೇಕಾದವು. ನೂರರಲ್ಲಿ ಹದಿನೆಂಟರ ಆಸುಪಾಸು ಸಿಗುತ್ತವೆ, ಅವುಗಳಲ್ಲಿ ಹತ್ತನ್ನು ಆರಿಸಿಕೊಳ್ಳಿ. 60 − 24 ಥರ ಮೇಲೆ ಸೊನ್ನೆ ಇರುವ ಒಂದೆರಡನ್ನು ಕೊನೆಗೆ ಇಡಿ, ಅವು ತುಸು ಕಷ್ಟ. 43 − 37 ಥರ ಉತ್ತರ ಒಂದಂಕಿಗೆ ಇಳಿಯುವ ಲೆಕ್ಕ ಒಂದಿದ್ದರೆ ಸಾಕು, ಅಲ್ಲಿ ಕೆಲವು ಮಕ್ಕಳು 06 ಎಂದು ಬರೆದು ಗೊಂದಲಕ್ಕೆ ಬೀಳುತ್ತಾರೆ.

ಇಲ್ಲೇ ಒಂದು ತೊಡಕು ಇದೆ. ಆ ಸಂಖ್ಯೆಗಳು ಹಾಳೆಯಲ್ಲಿ ಏನೇ ಬದಲಾದರೂ ಮತ್ತೆ ಹೊಸದಾಗಿ ಹುಟ್ಟುತ್ತವೆ. ಪ್ರಶ್ನೆಗಳನ್ನು ನಕಲು ಮಾಡಿ, ಆಮೇಲೆ ಉತ್ತರದ ಕಾಲಂ ಹಾಕಿದಿರೋ, ಅಷ್ಟರಲ್ಲಿ ಸಂಖ್ಯೆಗಳೇ ಬೇರೆಯಾಗಿರುತ್ತವೆ. ಉತ್ತರಪಟ್ಟಿ ಪ್ರಶ್ನೆಗೆ ತಾಳೆಯಾಗದ ವರ್ಕ್‌ಶೀಟುಗಳ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ. ಆರಿಸುವ ಮುಂಚೆಯೇ ಎರಡೂ ಕಾಲಂಗಳನ್ನು ನಕಲು ಮಾಡಿ, ಸೂತ್ರ ಬಿಟ್ಟು ಬರಿಯ ಸಂಖ್ಯೆಗಳಾಗಿ ಅಂಟಿಸಿ. ಹಾಳೆ ಮುಗಿದ ಮೇಲೆ ಉತ್ತರಪಟ್ಟಿ ನೋಡದೆ, ಮುದ್ರಿತ ಪ್ರತಿಯ ಮೇಲೆ ಪೆನ್ಸಿಲ್ ಹಿಡಿದು ಒಮ್ಮೆ ನೀವೇ ಎಲ್ಲವನ್ನೂ ಬಿಡಿಸಿ. ಹತ್ತು ಲೆಕ್ಕಕ್ಕೆ ಎರಡು ನಿಮಿಷ ಸಾಕು.

ಇನ್ನು ಕಾಗದ. ಎ4 ಹಾಳೆ 210 × 297 ಮಿಲಿಮೀಟರ್, ಅಮೆರಿಕದಲ್ಲಿ ಬಳಸುವ ಲೆಟರ್ ಹಾಳೆ 216 × 279. ಎ4ಗೆ ಮಾಡಿದ ಪುಟವನ್ನು ಲೆಟರ್‌ಗೆ ಹೊಂದಿಸಿ ಮುದ್ರಿಸಿದರೆ ಎಲ್ಲವೂ ನೂರಕ್ಕೆ 94ರಷ್ಟು ಕುಗ್ಗುತ್ತದೆ. ಕಳೆಯುವ ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ಅಳತೆಪಟ್ಟಿ ಇಟ್ಟು ಅಳೆಯುವ ಹಾಳೆಯಲ್ಲಿ 10 ಸೆಂಟಿಮೀಟರ್ ಗೆರೆ 9.4 ಆಗಿಬಿಡುತ್ತದೆ, ಮಗುವಿನ ಸರಿಯುತ್ತರ ಪಟ್ಟಿಯ ಪ್ರಕಾರ ತಪ್ಪಾಗುತ್ತದೆ. ಪುಟದ ಒಳಗಿನದನ್ನೆಲ್ಲ 185 × 250 ಮಿಲಿಮೀಟರ್ ಚೌಕಟ್ಟಿನೊಳಗೆ ಇಟ್ಟು, ಎ4ಗೊಂದು ಲೆಟರ್‌ಗೊಂದು ಪಿಡಿಎಫ್ ಕೊಟ್ಟರೆ ಕುಗ್ಗಿಸುವ ಪ್ರಮೇಯವೇ ಬರುವುದಿಲ್ಲ. ಅಳತೆಯ ಹಾಳೆಯಾದರೆ ಮೂಲೆಯಲ್ಲಿ 5 ಸೆಂಟಿಮೀಟರಿನ ಒಂದು ಗೆರೆ ಎಳೆದು "ಮುದ್ರಿಸಿದ ಮೇಲೆ ಇದನ್ನು ಅಳೆದು ನೋಡಿ" ಎಂದು ಬರೆಯಿರಿ.

ಬಣ್ಣದ ಮೋಹ ಶಿಕ್ಷಕರ ಹಾಳೆಯಲ್ಲಿ ಬೇಡ. ಪರದೆಯ ಮೇಲೆ ಮುದ್ದಾಗಿ ಕಾಣುವ ತಿಳಿಬಣ್ಣದ ಹಿನ್ನೆಲೆ ಜೆರಾಕ್ಸ್‌ನಲ್ಲಿ ಕೊಳೆಯ ಹಾಗೆ ಕಾಣುತ್ತದೆ, ಇಲ್ಲವೇ ಮಾಯವಾಗುತ್ತದೆ. "ಕೆಂಪು ಚೆಂಡುಗಳನ್ನು ಎಣಿಸಿ" ಎಂಬ ಪ್ರಶ್ನೆಯಲ್ಲಿ ಕೆಂಪೂ ಹಸಿರೂ ಒಂದೇ ಬೂದು ಆಗುತ್ತವೆ. ಪರೀಕ್ಷೆ ಸರಳ: ಕಪ್ಪುಬಿಳುಪಿನಲ್ಲಿ ಮುದ್ರಿಸಿ, ಅದನ್ನು ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ. ಮೂರನೆಯ ಪ್ರತಿಯಲ್ಲೂ ಓದಲು ಬಂದರೆ ಹಾಳೆ ಗಟ್ಟಿ.

ಟೆಂಪ್ಲೇಟ್

ಪಾಠಯೋಜನೆ, ವಾರದ ವೇಳಾಪಟ್ಟಿ, ಹೆಸರಿನ ಚೀಟಿ, ಹೆತ್ತವರಿಗೆ ಕಳಿಸುವ ಪತ್ರ. ಇವುಗಳ ವಿಷಯವನ್ನು ತುಂಬುವವರು ಕೊಂಡವರೇ, ಆದ್ದರಿಂದ ತಯಾರಿ ಬೇಗ ಮುಗಿಯುತ್ತದೆ. ಒಂದು ಟೆಂಪ್ಲೇಟನ್ನು ಎಲ್ಲ ತರಗತಿಯವರೂ ಎಲ್ಲ ವಿಷಯದವರೂ ಕೊಳ್ಳಬಹುದು, ಪ್ರತಿ ವರ್ಷ ಬಳಸಬಹುದು. ಇಷ್ಟೆಲ್ಲ ಅನುಕೂಲಕ್ಕೆ ತೆರಬೇಕಾದ ಬೆಲೆ ಒಂದೇ: ನಿಮ್ಮ ಕಡತ ನಿಮಗೆ ಗೊತ್ತಿಲ್ಲದ ಕಂಪ್ಯೂಟರಿನಲ್ಲಿ, ನಿಮಗೆ ಗೊತ್ತಿಲ್ಲದ ಕೈಯಲ್ಲಿ ಬದಲಾಗುತ್ತದೆ.

ಮೊದಲ ತೊಂದರೆ ಫಾಂಟಿನದು. ವರ್ಡ್ ಅಥವಾ ಪವರ್‌ಪಾಯಿಂಟ್ ಕಡತದಲ್ಲಿ ನೀವು ಬಳಸಿದ ಫಾಂಟ್ ಕೊಂಡವರ ಬಳಿ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಅದು ಅಗಲವಾಗಿದ್ದರೆ ಸಾಲು ಮುರಿದು, ಒಂದು ಪುಟ ಎರಡಾಗುತ್ತದೆ. ಕನ್ನಡದಲ್ಲಿ ಮಾಡುವವರಿಗೆ ಇನ್ನೂ ಒಂದು: ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಆ ಫಾಂಟಿಲ್ಲದ ಕಡೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಸಾಲುಗಳ ನಡುವಿನ ಜಾಗ ಬಿಗಿಯಾಗಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಗೂಗಲ್ ಸ್ಲೈಡ್ಸ್ ಅಥವಾ ಗೂಗಲ್ ಡಾಕ್ಸ್‌ನಲ್ಲಿ, ಅಲ್ಲೇ ಸಿಗುವ ಫಾಂಟನ್ನೇ ಬಳಸಿ ಮಾಡಿದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ.

ಎರಡನೆಯದು ಕೊಂಡಿಯದು. ಗೂಗಲ್ ಕಡತದ ಕೊಂಡಿಯನ್ನು ಹಾಗೇ ಕೊಟ್ಟು, ತಿದ್ದುವ ಅನುಮತಿಯನ್ನೂ ಕೊಟ್ಟರೆ ಮೊದಲು ಕೊಂಡವರು ನಿಮ್ಮ ಮೂಲ ಪ್ರತಿಯಲ್ಲೇ ತಮ್ಮ ಶಾಲೆಯ ಹೆಸರು ಬರೆದುಬಿಡುತ್ತಾರೆ, ಆಮೇಲೆ ಬಂದವರಿಗೆ ಅದೇ ಕಾಣುತ್ತದೆ. ಅನುಮತಿಯನ್ನೇ ಕೊಡದಿದ್ದರೆ ರಾತ್ರಿ ಹನ್ನೊಂದಕ್ಕೆ "ದಯವಿಟ್ಟು ಪ್ರವೇಶ ಕೊಡಿ" ಎಂಬ ಕೋರಿಕೆಗಳು ಸಾಲುಗಟ್ಟುತ್ತವೆ. ಮಾಡಬೇಕಾದ್ದು ಇಷ್ಟು: ಕೊಂಡಿ ಇರುವ ಯಾರಾದರೂ ನೋಡಬಹುದು, ತಿದ್ದಲಾಗದು ಎಂದು ಹಂಚಿಕೆ ಇಡಿ. ಕೊಂಡಿಯ ಕೊನೆಯಲ್ಲಿ `/edit` ಮತ್ತು ಅದರ ಮುಂದಿನದನ್ನು ಅಳಿಸಿ `/copy` ಹಾಕಿ:

```
https://docs.google.com/presentation/d/FILE_ID/copy
```

ತೆರೆದವರಿಗೆ ನೇರವಾಗಿ ತಮ್ಮದೇ ಪ್ರತಿ ಮಾಡಿಕೊಳ್ಳುವ ಗುಂಡಿ ಕಾಣುತ್ತದೆ. ಮಾರುವ ಮುಂಚೆ ಬೇರೊಂದು ಖಾತೆಯಿಂದ ಇದನ್ನು ತೆರೆದು ನೋಡಲೇಬೇಕು. ನಿಮ್ಮದೇ ಖಾತೆಯಿಂದ ಎಲ್ಲವೂ ಸರಿಯಾಗೇ ತೆರೆಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಕ್ಯಾನ್ವಾದಲ್ಲಿ ಮಾಡುವವರು ನೋಡಿಕೊಳ್ಳಬೇಕಾದ್ದು ಹಣ ತೆತ್ತವರಿಗೆ ಮಾತ್ರ ಸಿಗುವ ಚಿತ್ರಗಳನ್ನು. ನಿಮ್ಮದು ಪಾವತಿಯ ಖಾತೆಯಾದರೆ ಅವು ಉಚಿತದವುಗಳ ಜೊತೆ ಬೆರೆತೇ ಕಾಣುತ್ತವೆ. ಉಚಿತ ಖಾತೆಯ ಶಿಕ್ಷಕರು ಆ ಟೆಂಪ್ಲೇಟ್ ತೆರೆದರೆ ಚಿತ್ರದ ಮೇಲೆ ಅಡ್ಡಗೆರೆಯ ನೀರುಗುರುತು ಬಂದು, ಅದನ್ನು ತೆಗೆಯಲು ಹಣ ಕೇಳುತ್ತದೆ. ಬೈಗುಳ ಬರುವುದು ನಿಮಗೆ.

ಮೂರನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ: ಚಿತ್ರಗಳ ಪರವಾನಗಿ. ಕ್ಲಿಪ್‌ಆರ್ಟ್ ಮಾರುವವರಲ್ಲಿ ಹಲವರು "ಮಾರುವ ವಸ್ತುವಿನಲ್ಲಿ ಬಳಸಬಹುದು, ಆದರೆ ಚಿತ್ರವನ್ನು ಬಿಡಿಸಿ ತೆಗೆಯಲು ಬರಬಾರದು" ಎಂಬ ಷರತ್ತು ಹಾಕಿರುತ್ತಾರೆ. ಪುಟವನ್ನೇ ಒಂದು ಚಿತ್ರವಾಗಿ ಮಾಡಿ ಪಿಡಿಎಫ್‌ಗೆ ಹಾಕಿದ ವರ್ಕ್‌ಶೀಟಿನಲ್ಲಿ ಆ ಷರತ್ತು ಪಾಲನೆಯಾಗುತ್ತದೆ. ತಿದ್ದಲು ಬರುವ ಸ್ಲೈಡಿನಲ್ಲಿ ಅದೇ ಗೂಬೆಯ ಚಿತ್ರವನ್ನು ಯಾರು ಬೇಕಾದರೂ ಒತ್ತಿ ನಕಲು ಮಾಡಿಕೊಳ್ಳಬಹುದು. ಒಂದೇ ಚಿತ್ರ, ಒಂದು ಕಡೆ ಸರಿ, ಇನ್ನೊಂದು ಕಡೆ ಉಲ್ಲಂಘನೆ. ಅಲಂಕಾರವನ್ನೆಲ್ಲ ಒಟ್ಟಿಗೆ ಒಂದು ಹಿನ್ನೆಲೆ ಚಿತ್ರವಾಗಿ ಮಾಡಿ ಸ್ಲೈಡಿನ ಹಿನ್ನೆಲೆಗೆ ಹಾಕಿ, ಮೇಲೆ ಅಕ್ಷರದ ಪೆಟ್ಟಿಗೆಗಳನ್ನು ಮಾತ್ರ ಬಿಡಿ. ಕೊಂಡವರ ಬೆರಳು ತಾಗಿ ಅಂಚಿನ ಬಳ್ಳಿ ಜರುಗುವುದೂ ಇದರಿಂದ ತಪ್ಪುತ್ತದೆ. ಆದರೂ ಪರವಾನಗಿಯಲ್ಲಿ "ತಿದ್ದಬಹುದಾದ ಕಡತಕ್ಕೆ ಇಲ್ಲ" ಎಂದು ಸ್ಪಷ್ಟವಾಗಿದ್ದರೆ ಆ ಚಿತ್ರವನ್ನು ಬಿಟ್ಟುಬಿಡಿ.

ಒಟ್ಟಿನಲ್ಲಿ, ಕಂಪ್ಯೂಟರಿನ ಗೊಂದಲಗಳನ್ನು ಬಿಡಿಸಲು ಬೇಸರವಿಲ್ಲದವರಿಗೆ ಟೆಂಪ್ಲೇಟ್ ಒಳ್ಳೆಯದು. ವಾರಕ್ಕೊಮ್ಮೆ ಮಾತ್ರ ಇಮೇಲ್ ನೋಡುವವರು ಇತ್ತ ಬರದಿರುವುದೇ ವಾಸಿ. ಕಡತದ ಜೊತೆ ಒಂದು ಪುಟದ "ತೆರೆಯುವುದು ಹೇಗೆ" ಸೂಚನೆಯನ್ನು ಪರದೆಯ ಚಿತ್ರಗಳ ಸಮೇತ ಕೊಟ್ಟರೆ ಪತ್ರಗಳು ಕಡಿಮೆಯಾಗುತ್ತವೆ, ನಿಲ್ಲುವುದಿಲ್ಲ.

ಅಡುಗೆ ಪುಸ್ತಿಕೆ

ಇದರ ಮುಖ್ಯ ಗಿರಾಕಿ ಹೆತ್ತವರು. ಶಿಕ್ಷಕರೂ ಕೊಳ್ಳುತ್ತಾರೆ, ತರಗತಿಯಲ್ಲಿ ಒಲೆ ಹಚ್ಚದೆ ಮಾಡುವಂಥದ್ದಾದರೆ ಮಾತ್ರ. ಬರಿಯ ಪದಾರ್ಥಗಳ ಪಟ್ಟಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಅನ್ವಯಿಸುವುದಿಲ್ಲ, ಆದರೆ ವಿವರಣೆಯ ಮಾತಿಗೂ ಚಿತ್ರಕ್ಕೂ ಅನ್ವಯಿಸುತ್ತದೆ. ಆದ್ದರಿಂದ ಇನ್ನೊಬ್ಬರ ವಾಕ್ಯವನ್ನೂ ಫೋಟೊವನ್ನೂ ಎತ್ತಿ ಹಾಕುವ ಹಾಗಿಲ್ಲ. ಫೋಟೊ ನೀವೇ ತೆಗೆಯಬೇಕು, ತೆಗೆಯಲು ಅಡುಗೆ ನೀವೇ ಮಾಡಬೇಕು.

ಹೊತ್ತು ಹೋಗುವುದು ಅಲ್ಲೇ. ಒಂದೊಂದು ಅಡುಗೆಯನ್ನೂ ಕನಿಷ್ಠ ಮೂರು ಸಲ ಮಾಡಬೇಕು: ಮೊದಲ ಸಲ ಅಳತೆ ಬರೆದುಕೊಳ್ಳಲು, ಎರಡನೆಯ ಸಲ ನೀವು ಬರೆದದ್ದನ್ನೇ ಓದುತ್ತ ಮಾಡಲು, ಮೂರನೆಯ ಸಲ ಆ ಅಡುಗೆ ಗೊತ್ತಿಲ್ಲದ ಇನ್ನೊಬ್ಬರ ಕೈಯಲ್ಲಿ ಮಾಡಿಸಲು. ಮೂರನೆಯದನ್ನು ಬಿಟ್ಟರೆ "ಹದವಾಗಿ ಕಲಸಿ" ಎಂಬಂಥ ಮಾತು ಪುಸ್ತಿಕೆಯಲ್ಲಿ ಉಳಿದುಬಿಡುತ್ತದೆ. ಹದ ಬರೆದವರಿಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. "ಹಿಟ್ಟು ಬೆರಳಿಗೆ ಅಂಟದೆ, ಒತ್ತಿದರೆ ಗುರುತು ಉಳಿಯುವವರೆಗೆ" ಎಂದರೆ ಎಂಟು ವರ್ಷದ ಮಗುವಿಗೂ ತಿಳಿಯುತ್ತದೆ. ಆರು ಅಡುಗೆ ಎಂದರೆ ಹದಿನೆಂಟು ಸಲ ಒಲೆಯ ಮುಂದೆ, ಅಷ್ಟಕ್ಕೂ ಸಾಮಾನಿನ ಖರ್ಚು. ಕೈಯಿಂದ ದುಡ್ಡು ಹಾಕಿ ಶುರುಮಾಡಬೇಕಾದ್ದು ಮೂರರಲ್ಲಿ ಇದೊಂದೇ.

ಅಳತೆಯನ್ನು ಗ್ರಾಮಿನಲ್ಲಿ ಕೊಡಿ, ಪಕ್ಕದಲ್ಲಿ ಬೇಕಾದರೆ ಕಪ್ ಇರಲಿ. ಕಪ್ ಎಂಬುದು ಕೆಲವು ಕಡೆ 240 ಮಿಲಿಲೀಟರ್, ಕೆಲವು ಕಡೆ 250. ದೊಡ್ಡ ಚಮಚ ಹೆಚ್ಚಿನ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಅದಕ್ಕಿಂತ ದೊಡ್ಡ ವ್ಯತ್ಯಾಸ ತುಂಬುವ ರೀತಿಯಲ್ಲಿದೆ: ಚಮಚದಿಂದ ಹಗುರಾಗಿ ಹಾಕಿದ ಒಂದು ಕಪ್ ಮೈದಾ 120 ಗ್ರಾಂ ತೂಗಿದರೆ, ಡಬ್ಬಿಯೊಳಗೆ ಕಪ್ಪನ್ನೇ ಅದ್ದಿ ಒತ್ತಿ ತೆಗೆದದ್ದು 150 ಗ್ರಾಂ ತೂಗಬಹುದು. ಬಿಸ್ಕತ್ತು ಕಲ್ಲಾದರೆ ಕಾರಣ ಇಷ್ಟೇ ಇರುತ್ತದೆ, ದೂರು ಮಾತ್ರ ಪುಸ್ತಿಕೆಯ ಮೇಲೆ.

ತಪ್ಪಿನ ಬೆಲೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು. ವರ್ಕ್‌ಶೀಟಿನ ತಪ್ಪುತ್ತರ ಒಂದು ಕ್ಷಮೆಯಲ್ಲಿ ಮುಗಿಯುತ್ತದೆ, ಊಟದ ತಪ್ಪು ಹಾಗಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು, ಅದರಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಐದು ವರ್ಷದೊಳಗಿನವರಿಗೆ ಇಡಿ ಬೀಜಗಳೂ ಇಡಿ ದ್ರಾಕ್ಷಿಯೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿಕೊಡಬೇಕು. ಪ್ರತಿ ಅಡುಗೆಯ ತಲೆಯಲ್ಲೇ ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ಮರದ ಬೀಜಗಳು, ಎಳ್ಳು, ಸೋಯಾ ಇವುಗಳಲ್ಲಿ ಯಾವುದಿದೆ ಎಂದು ಬರೆಯಿರಿ. ಯಾವ ಹೆಜ್ಜೆಯನ್ನು ದೊಡ್ಡವರೇ ಮಾಡಬೇಕು ಎಂಬುದಕ್ಕೆ ಒಂದು ಗುರುತು ಇಡಿ. "ಆರೋಗ್ಯಕ್ಕೆ ಒಳ್ಳೆಯದು", "ತೂಕ ಹೆಚ್ಚಿಸುತ್ತದೆ" ಎಂಬಂಥ ಮಾತುಗಳನ್ನು ಪುಸ್ತಿಕೆಯಿಂದ ದೂರ ಇಡಿ.

ಪುಟಗಳ ಲೆಕ್ಕವನ್ನು ಬರೆಯುವ ಮುಂಚೆಯೇ ಹಾಕಿ. ನಡುವೆ ಮಡಚಿ ಪಿನ್ ಹೊಡೆಯುವ ಪುಸ್ತಿಕೆಯ ಪುಟಸಂಖ್ಯೆ ನಾಲ್ಕರ ಗುಣಕವಾಗಿರಬೇಕು, ಒಂದು ಹಾಳೆ ಮಡಚಿದರೆ ನಾಲ್ಕು ಪುಟ. ಎ5 ಅಳತೆಯ 16 ಪುಟಕ್ಕೆ ನಾಲ್ಕು ಎ4 ಹಾಳೆ ಸಾಕು. 1ನೇ ಪುಟ ಮುಖಪುಟ, 2 ಪರಿವಿಡಿ, 3 ಅಳತೆಯ ಪಟ್ಟಿ ಮತ್ತು ಎಚ್ಚರಿಕೆ, 16 ಹಿಂಬದಿ. ಉಳಿದ ಹನ್ನೆರಡು ಪುಟದಲ್ಲಿ ಆರು ಅಡುಗೆ, ಒಂದೊಂದಕ್ಕೆ ಎದುರುಬದುರಿನ ಎರಡು ಪುಟ. ಎಲ್ಲವೂ ಸಮಸಂಖ್ಯೆಯ ಪುಟದಿಂದಲೇ ಶುರುವಾಗುವುದರಿಂದ ಹಿಟ್ಟು ಮೆತ್ತಿದ ಕೈಯಲ್ಲಿ ಪುಟ ತಿರುವಬೇಕಾಗುವುದಿಲ್ಲ. ನಡುವೆ ಒಂದು ಪುಟದ ಮುನ್ನುಡಿ ತುರುಕಿದಿರೋ, ಆರೂ ಅಡುಗೆಗಳು ಎರಡಾಗಿ ಸೀಳಿಹೋಗುತ್ತವೆ.

ಎರಡು ಕಡತ ಕೊಡಿ. ಒಂದು ಫೋನಿನಲ್ಲಿ ಓದಲು, ಪುಟಗಳು ಕ್ರಮವಾಗಿ. ಇನ್ನೊಂದು ಮುದ್ರಣಕ್ಕೆ, 16 ಮತ್ತು 1 ಒಂದು ಬದಿಗೆ, 2 ಮತ್ತು 15 ಅದರ ಹಿಂಬದಿಗೆ ಬರುವ ಹಾಗೆ ಜೋಡಿಸಿದ್ದು. ಅಡ್ಡ ಹಾಳೆಯ ಎರಡೂ ಬದಿಗೆ ಮುದ್ರಿಸುವಾಗ ಚಿಕ್ಕ ಅಂಚಿನ ಕಡೆ ತಿರುಗಿಸುವ ಆಯ್ಕೆ, ಪರದೆಯಲ್ಲಿ `Flip on short edge`, ಒತ್ತಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಇಲ್ಲದಿದ್ದರೆ ಹಿಂಬದಿಯ ಪುಟಗಳೆಲ್ಲ ತಲೆಕೆಳಗು. ಎ5 ಪುಟ ತುಂಬುವ ಫೋಟೊ ಸ್ಪಷ್ಟವಾಗಿ ಮುದ್ರಣವಾಗಲು ಸುಮಾರು 1750 × 2480 ಪಿಕ್ಸೆಲ್ ಬೇಕು. ಈಗಿನ ಫೋನಿನ ಕ್ಯಾಮೆರಾಕ್ಕೆ ಅದು ದೊಡ್ಡ ಮಾತಲ್ಲ, ಆದರೆ ಮೆಸೇಜ್ ಆ್ಯಪಿನಲ್ಲಿ ಕಳಿಸಿಕೊಂಡ ಫೋಟೊ ಕುಗ್ಗಿರುತ್ತದೆ, ಅದನ್ನು ಬಳಸಬೇಡಿ.

ಕೈಗೆ ಉಳಿಯುವುದೆಷ್ಟು

ಮಾರಾಟ ತಾಣಗಳಲ್ಲಿ ಶಿಕ್ಷಕರು ಹೆಚ್ಚು ಹುಡುಕುವುದು ಟೀಚರ್ಸ್ ಪೇ ಟೀಚರ್ಸ್‌ನಲ್ಲಿ. ಅಲ್ಲಿ ತರಗತಿ, ವಿಷಯ, ಪಾಠದ ಹೆಸರು ಹಾಕಿ ಹುಡುಕುತ್ತಾರೆ, ಆದ್ದರಿಂದ ವರ್ಕ್‌ಶೀಟಿಗೆ ಸರಿಯಾದ ಜಾಗ. ಅಮೆರಿಕದ ಶಿಕ್ಷಕರೇ ಹೆಚ್ಚಿರುವುದರಿಂದ ಲೆಟರ್ ಅಳತೆ ಕಡ್ಡಾಯ ಎಂದೇ ತಿಳಿಯಿರಿ. ಎಟ್ಸಿಯಲ್ಲಿ ಹೆತ್ತವರೂ ಸಿಗುತ್ತಾರೆ, ಟೆಂಪ್ಲೇಟಿಗೂ ಪುಸ್ತಿಕೆಗೂ ಅದು ವಾಸಿ.

ಶುಲ್ಕಗಳು ಆಗಾಗ ಬದಲಾಗುತ್ತವೆ, ಸೇರುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಲೆಕ್ಕದ ಬಗೆ ಮಾತ್ರ ಹೀಗಿರುತ್ತದೆ. ಟೀಚರ್ಸ್ ಪೇ ಟೀಚರ್ಸ್‌ನ ಬೇಸಿಕ್ ಸದಸ್ಯತ್ವದಲ್ಲಿ ಮಾರಾಟಗಾರರಿಗೆ ನೂರಕ್ಕೆ 55 ಸಿಗುತ್ತದೆ, ಅದರಲ್ಲೂ ಪ್ರತಿ ವಸ್ತುವಿಗೆ 30 ಸೆಂಟ್ ಕಳೆಯುತ್ತಾರೆ. 3 ಡಾಲರಿನ ಹಾಳೆಗೆ ಕೈಗೆ ಬರುವುದು 1.35. ಅದನ್ನೇ ಒಂದಿಷ್ಟು ಹಾಳೆಗಳ ಕಟ್ಟಾಗಿ ಮಾಡಿ 8 ಡಾಲರಿಗೆ ಇಟ್ಟರೆ 4.10. ವರ್ಷಕ್ಕೆ 59.95 ಡಾಲರ್ ಕಟ್ಟುವ ಸದಸ್ಯತ್ವದಲ್ಲಿ ನೂರಕ್ಕೆ 80 ಸಿಗುವುದರಿಂದ ಅದೇ ಕಟ್ಟಿಗೆ 6.40 ಬರುತ್ತದೆ. ವ್ಯತ್ಯಾಸ 2.30, ಅಂದರೆ ವರ್ಷಕ್ಕೆ 27 ಕಟ್ಟು ಮಾರಿದರೆ ಸದಸ್ಯತ್ವದ ಹಣ ಹುಟ್ಟುತ್ತದೆ. ಮೊದಲ ವರ್ಷ ಅಷ್ಟು ಮಾರುವ ಭರವಸೆ ಇಲ್ಲದಿದ್ದರೆ ಬೇಸಿಕ್‌ನಲ್ಲೇ ಶುರುಮಾಡಿ.

ಎಟ್ಸಿಯಲ್ಲಿ ವಸ್ತುವನ್ನು ಪಟ್ಟಿಗೆ ಹಾಕಲು 20 ಸೆಂಟ್, ಒಂದು ಪ್ರತಿ ಮಾರಿದ ಮೇಲೆ ಪಟ್ಟಿ ನವೀಕರಣಕ್ಕೆ ಮತ್ತೆ ಅಷ್ಟೇ. ಮಾರಾಟದ ಮೇಲೆ ನೂರಕ್ಕೆ 6.5, ಅದರ ಮೇಲೆ ಹಣ ವರ್ಗಾವಣೆಯ ಶುಲ್ಕ. ಇದು ದೇಶದಿಂದ ದೇಶಕ್ಕೆ ಬೇರೆ, ಅಮೆರಿಕದಲ್ಲಿ ನೂರಕ್ಕೆ 3 ಮತ್ತು 25 ಸೆಂಟ್. ಆ ಲೆಕ್ಕದಲ್ಲಿ 3 ಡಾಲರಿಗೆ ಉಳಿಯುವುದು ಸುಮಾರು 2.27, 8 ಡಾಲರಿಗೆ 6.79. ಎರಡೂ ಕಡೆ ಒಂದೇ ಪಾಠ: ಬಿಡಿ ಹಾಳೆಯನ್ನು ಸೆಂಟುಗಳೇ ತಿಂದುಹಾಕುತ್ತವೆ. ಬಿಡಿ ಹಾಳೆಯೊಂದನ್ನು ಮಾದರಿಯಾಗಿ ಪುಕ್ಕಟೆ ಕೊಟ್ಟು ಕಟ್ಟನ್ನು ಮಾರುವುದು ಜಾಣತನ. ಇನ್ನೊಂದು ಮಾತು, ನೀವಿರುವ ದೇಶದಿಂದ ಮಾರಾಟಗಾರರನ್ನು ಸೇರಿಸಿಕೊಳ್ಳುತ್ತಾರೆಯೇ, ಹಣವನ್ನು ಯಾವ ದಾರಿಯಲ್ಲಿ ಕಳಿಸುತ್ತಾರೆ ಎಂಬುದನ್ನು ಮೊದಲ ಪುಟ ಮಾಡುವ ಮುಂಚೆಯೇ ತಿಳಿದುಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಒಂದು ತರಗತಿಯ ಒಂದು ವಿಷಯವನ್ನು ಬಲ್ಲವರು, ಮಕ್ಕಳು ಎಲ್ಲಿ ತಪ್ಪುತ್ತಾರೆಂದು ಕಂಡವರು ವರ್ಕ್‌ಶೀಟಿಗೇ ಹೋಗಲಿ. ದಿನಕ್ಕೆ ಅರ್ಧ ಗಂಟೆ ಸಿಕ್ಕರೂ ಒಂದು ಪುಟ ಮುಂದೆ ಹೋಗುತ್ತದೆ, ಖರ್ಚು ಕಾಗದದ್ದು ಮಾತ್ರ. ಪಾಠದ ಅನುಭವ ಇಲ್ಲ, ಆದರೆ ಪುಟ ಅಚ್ಚುಕಟ್ಟಾಗಿ ಜೋಡಿಸಲು ಬರುತ್ತದೆ, ದಿನಾ ಇಮೇಲಿಗೆ ಉತ್ತರಿಸಲು ಆಗುತ್ತದೆ ಎನ್ನುವವರಿಗೆ ಟೆಂಪ್ಲೇಟ್. ಪುಸ್ತಿಕೆಯನ್ನು ಮೊದಲ ವಸ್ತುವಾಗಿ ಆರಿಸಿಕೊಳ್ಳಬೇಕಾದವರು, ಹೇಗೂ ಮಕ್ಕಳ ಜೊತೆ ವಾರವಾರ ಅಡುಗೆ ಮಾಡುವವರು ಮಾತ್ರ. ಉಳಿದವರಿಗೆ ಹದಿನೆಂಟು ಅಡುಗೆಯ ಖರ್ಚೂ ಹೊತ್ತೂ ಮೊದಲ ಕೆಲವು ಮಾರಾಟದಲ್ಲಿ ಹಿಂದಿರುಗುವುದಿಲ್ಲ.

ಎರಡರ ನಡುವೆ ಇನ್ನೂ ತೂಗಾಡುತ್ತಿದ್ದರೆ ಎರಡನ್ನೂ ಒಂದೊಂದು ಪುಟ ಮಾಡಿ, ಬಳಸುವ ಒಬ್ಬ ಶಿಕ್ಷಕರಿಗೋ ಹೆತ್ತವರಿಗೋ ಏನೂ ವಿವರಿಸದೆ ಕಳಿಸಿ. ಅವರು ತಿರುಗಿ ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಯಾವ ಪುಟದ ಪ್ರಶ್ನೆಗಳಿಗೆ ಉತ್ತರ ಬರೆಯಲು ನಿಮಗೆ ಬೇಸರವಾಗಲಿಲ್ಲವೋ ಅದರ ಮುಂದಿನ ಹತ್ತು ಪುಟಗಳನ್ನು ಮಾಡಿ.